ಬ್ಯಾಟರಿ ಕಾರ್ಡಿನ ಹಿಂಬದಿ ಏನು ಹೇಳುತ್ತದೆ?

ಇನ್ವರ್ಟರ್ ಇರುವ ಮನೆಗಳಲ್ಲಿ ಮೆಟ್ಟಿಲ ಕೆಳಗೋ ಬಾಲ್ಕನಿಯ ಮೂಲೆಯಲ್ಲೋ ಐವತ್ತು ಕಿಲೋ ಮೀರಿದ ಒಂದು ಬ್ಯಾಟರಿ ಕೂತಿರುತ್ತದೆ. ಕೊಳ್ಳುವ ದಿನ ಅಂಗಡಿಯವರು ಹೇಳಿದ ಮಾತು ಮನೆಯವರಿಗೆಲ್ಲ ನೆನಪಿರುತ್ತದೆ: ‘ಐದು ವರ್ಷ ವಾರಂಟಿ ಸಾರ್, ಯೋಚನೆಯೇ ಬೇಡ.’ ಪೆಟ್ಟಿಗೆಯ ಮೇಲೂ 60 ತಿಂಗಳು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಒಳಗಿಟ್ಟ ವಾರಂಟಿ ಕಾರ್ಡಿನ ಹಿಂಬದಿಯ ಷರತ್ತುಗಳು ಮಾತ್ರ ಸಾಸಿವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ. ಅದನ್ನು ಜನ ಓದುವುದು ಬ್ಯಾಟರಿ ಕೈಕೊಟ್ಟ ಮೇಲೆ.

ಕಂಪನಿ ಯಾವುದೇ ಇರಲಿ, ಲೆಡ್ ಆಸಿಡ್ ಬ್ಯಾಟರಿಗಳ ಕಾರ್ಡುಗಳ ಒಳಗಿನ ಮಾತು ಹೆಚ್ಚುಕಡಿಮೆ ಒಂದೇ. ಗ್ರಾಹಕರು ಅಂಗಡಿಯ ಕೌಂಟರಿನಲ್ಲಿ ಕೇಳುವ ಪ್ರಶ್ನೆಗಳನ್ನೇ ಹಿಡಿದು ಆ ಕಾರ್ಡನ್ನು ಬಿಡಿಸಿ ನೋಡಿದರೆ ಎರಡು ವಿಷಯ ಹೊರಬೀಳುತ್ತವೆ. ಪೆಟ್ಟಿಗೆಯ ಮೇಲಿನ ಸಂಖ್ಯೆಯೊಳಗೆ ಎರಡು ಬೇರೆ ಬೇರೆ ಭರವಸೆಗಳು ಅಡಗಿವೆ. ಮತ್ತು ಬದಲಿ ಬ್ಯಾಟರಿ ಸಿಗುವುದು, ಬಿಡುವುದು ಬಹಳಷ್ಟು ಸಲ ನಿಂತಿರುವುದು ನೀರು ಮತ್ತು ಕಾಗದದ ಮೇಲೆ.

ಐದು ವರ್ಷದೊಳಗೆ ಕೆಟ್ಟರೆ ಹೊಸದು ಕೊಡುತ್ತಾರಲ್ಲ?

ಕೊಡಲೇಬೇಕೆಂದಿಲ್ಲ. ಕಾರ್ಡಿನಲ್ಲಿ 36+24 ಎಂದು ಬರೆದಿದ್ದರೆ ಮೊದಲ 36 ತಿಂಗಳು ಮಾತ್ರ ಉಚಿತ ಬದಲಾವಣೆಯ ಅವಧಿ. ತಯಾರಿಕೆಯ ದೋಷದಿಂದ ಬ್ಯಾಟರಿ ಕೆಟ್ಟಿದೆ ಎಂದು ಖಚಿತವಾದರೆ ಆ ಅವಧಿಯಲ್ಲಿ ದುಡ್ಡು ಕೊಡದೆ ಬೇರೆ ಬ್ಯಾಟರಿ ಪಡೆಯಬಹುದು. ಉಳಿದ 24 ತಿಂಗಳದ್ದು ಬೇರೆಯೇ ಲೆಕ್ಕ. ಅಂಗಡಿಯವರು ಅದನ್ನು ಪ್ರೊ ರೇಟಾ ಎನ್ನುತ್ತಾರೆ. ಆ ಕಾಲದಲ್ಲಿ ಕೆಟ್ಟರೆ ಕಂಪನಿ ಹೊಸ ಬ್ಯಾಟರಿಯ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ ಕೊಡುತ್ತದೆ, ಮಿಕ್ಕದ್ದನ್ನು ಗ್ರಾಹಕರು ಕಟ್ಟಬೇಕು. ತಿಂಗಳು ಕಳೆದಂತೆ ರಿಯಾಯಿತಿಯೂ ಇಳಿಯುತ್ತದೆ.

ಆ ರಿಯಾಯಿತಿಯನ್ನು ಯಾವ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ ಎಂಬುದು ಇಲ್ಲಿನ ಗುಟ್ಟು. ಸಾಮಾನ್ಯವಾಗಿ ಅದು ಎಂಆರ್‌ಪಿ ಮೇಲಿನ ಲೆಕ್ಕ. ಇನ್ವರ್ಟರ್ ಬ್ಯಾಟರಿಯನ್ನು ಎಂಆರ್‌ಪಿ ಕೊಟ್ಟು ಕೊಳ್ಳುವವರು ಊರಲ್ಲಿ ಯಾರೂ ಇಲ್ಲ ಎಂದರೂ ನಡೆದೀತು, ಅಂಗಡಿಯ ಬೆಲೆ ಯಾವಾಗಲೂ ಅದಕ್ಕಿಂತ ಸಾಕಷ್ಟು ಕೆಳಗಿರುತ್ತದೆ. ಸಾಲದ್ದಕ್ಕೆ ಹಳೆಯ ಬ್ಯಾಟರಿ ಕೊಟ್ಟರೆ ಅದರ ಸೀಸಕ್ಕೆ ಗುಜರಿ ಬೆಲೆಯೂ ಸಿಗುತ್ತದೆ.

ಅರ್ಥವಾಗಲೆಂದು ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗಷ್ಟೇ, ಆದರೆ ಮಾರುಕಟ್ಟೆಯ ಅಂದಾಜಿನಿಂದ ದೂರವಿಲ್ಲ. ಬ್ಯಾಟರಿಯ ಎಂಆರ್‌ಪಿ 22,000 ರೂಪಾಯಿ ಎಂದಿಟ್ಟುಕೊಳ್ಳಿ. ಅದು ಐವತ್ತನೇ ತಿಂಗಳಲ್ಲಿ ಕೆಟ್ಟಿತು. ಕಾರ್ಡಿನ ಪಟ್ಟಿಯ ಪ್ರಕಾರ ಆಗ ಸಿಗುವ ರಿಯಾಯಿತಿ ಶೇ 20. ಅಂದರೆ 4,400 ರೂಪಾಯಿ ಕಳೆದು 17,600 ಕಟ್ಟಬೇಕು, ಹಳೆಯ ಬ್ಯಾಟರಿ ಕಂಪನಿಯ ಪಾಲಾಗುತ್ತದೆ. ಈಗ ಪಕ್ಕದ ಅಂಗಡಿಗೆ ಹೋಗಿ ಅದೇ ಬ್ಯಾಟರಿಯ ಬೆಲೆ ವಿಚಾರಿಸಿದರೆ 16,500 ಎನ್ನುತ್ತಾರೆ. ಹಳೆಯದಕ್ಕೆ 4,000 ಮುರಿದುಕೊಂಡರೆ ಕೈಯಿಂದ ಕೊಡಬೇಕಾದದ್ದು 12,500 ಮಾತ್ರ. ವಾರಂಟಿ ಬಳಸಿದವರು ಬಳಸದವರಿಗಿಂತ 5,100 ರೂಪಾಯಿ ಹೆಚ್ಚು ಕೊಟ್ಟಂತಾಯಿತು!

ರಿಯಾಯಿತಿ ಶೇ 40 ಇದ್ದರೂ ಇದೇ ಲೆಕ್ಕದಲ್ಲಿ 13,200 ಆಗುತ್ತದೆ, ಆಗಲೂ ಅಂಗಡಿಯ ದರವೇ ಕಡಿಮೆ. ಶೇ 50ಕ್ಕೆ ಬಂದರೆ 11,000, ಆಗ ವಾರಂಟಿಯ ಕಡೆಯೇ ಲಾಭ. ಹೀಗಾಗಿ ಪ್ರೊ ರೇಟಾ ಅವಧಿಯಲ್ಲಿ ಬ್ಯಾಟರಿ ಕೈಕೊಟ್ಟವರು ಸರ್ವೀಸ್ ಸೆಂಟರಿನ ಅರ್ಜಿಗೆ ಸಹಿ ಹಾಕುವ ಮುನ್ನ ಎರಡೂ ಬೆಲೆ ಕೇಳಿಕೊಳ್ಳಬೇಕು. ಕೊಳ್ಳುವ ಮುನ್ನವೂ ಅಷ್ಟೆ: 36+24 ಮತ್ತು 48+12 ಎರಡರ ಮೊತ್ತವೂ 60, ಆದರೆ ಬೆಲೆ ಸರಿಸಮ ಇದ್ದರೆ ಎರಡನೆಯದೇ ಮೇಲು. ನೋಡಬೇಕಾದದ್ದು ಕೂಡಿಕೆಯ ಚಿಹ್ನೆಯ ಎಡಗಡೆಯ ಅಂಕಿಯನ್ನು.

ಬದಲಿಗೆ ಕೊಟ್ಟ ಬ್ಯಾಟರಿಗೆ ಮತ್ತೆ ಐದು ವರ್ಷವೇ?

ಉಚಿತವಾಗಿ ಬದಲಿಸಿಕೊಟ್ಟ ಬ್ಯಾಟರಿಗೆ ಸಿಗುವುದು ಹಳೆಯದರ ಉಳಿಕೆ ವಾರಂಟಿ ಮಾತ್ರ. ಮೂವತ್ತನೇ ತಿಂಗಳಲ್ಲಿ ಬದಲಿಸಿದರೆ ಹೊಸ ಬ್ಯಾಟರಿಗೆ ಉಚಿತ ಬದಲಾವಣೆಯ ಅವಧಿ ಇನ್ನಾರೇ ತಿಂಗಳು. ಪ್ರೊ ರೇಟಾದಲ್ಲಿ ಹಣ ಕೊಟ್ಟು ಪಡೆದ ಬ್ಯಾಟರಿಯ ವಿಷಯದಲ್ಲಿ ಕಂಪನಿಗಳ ನಿಯಮ ಬೇರೆ ಬೇರೆ. ಹೊಸ ವಾರಂಟಿ ಇದೆಯೋ ಇಲ್ಲವೋ ಎಂಬುದನ್ನು ಆ ದಿನದ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳುವುದು ಕ್ಷೇಮ.

‘ತಯಾರಿಕೆಯ ದೋಷ’ ಅಂದರೆ ಏನು? ಅದನ್ನು ಯಾರು, ಹೇಗೆ ಹೇಳುತ್ತಾರೆ?

ಕಾರ್ಡಿನ ಇಡೀ ಭಾರ ಹೊತ್ತಿರುವುದು ಈ ಎರಡು ಪದ. ಸೆಲ್ ಒಳಗೆ ಶಾರ್ಟ್ ಆದದ್ದು, ಪ್ಲೇಟುಗಳನ್ನು ಜೋಡಿಸುವ ಕೊಂಡಿ ಮುರಿದದ್ದು, ಪ್ಲೇಟು ಅಕಾಲದಲ್ಲಿ ಉದುರಿದ್ದು, ಇಂಥವು ತಯಾರಿಕೆಯ ದೋಷ. ಬಳಸಿ ಬಳಸಿ ಸವೆದದ್ದು, ನೀರು ಬತ್ತಿಸಿ ಸುಟ್ಟದ್ದು, ತಿಂಗಳುಗಟ್ಟಲೆ ಖಾಲಿ ಬಿಟ್ಟು ಹಾಳಾದದ್ದು ಇದಕ್ಕೆ ಸೇರುವುದಿಲ್ಲ.

ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಮೆಕ್ಯಾನಿಕ್ ಹೇಳುವುದನ್ನು ತಲೆಯಾಡಿಸಿ ಒಪ್ಪಿಕೊಳ್ಳಬೇಕಾದ ಪಾಡು ತಪ್ಪುತ್ತದೆ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್‌ಗಳಿರುತ್ತವೆ, ಒಂದೊಂದೂ ಎರಡು ವೋಲ್ಟಿಗಿಂತ ಚೂರು ಹೆಚ್ಚು. ಮೆಕ್ಯಾನಿಕ್ ಮೊದಲು ಹೊರಮೈ ನೋಡುತ್ತಾರೆ: ಡಬ್ಬಿ ಬಿರಿದಿದೆಯೇ, ಉಬ್ಬಿದೆಯೇ, ಟರ್ಮಿನಲ್ ಕರಗಿದೆಯೇ. ಆಮೇಲೆ ಆರೂ ಮುಚ್ಚಳ ತೆಗೆದು ಹೈಡ್ರೋಮೀಟರಿನಿಂದ ದ್ರಾವಣ ಹೀರಿ ಗ್ರಾವಿಟಿ ನೋಡುತ್ತಾರೆ. 1240 ಎಂದು ಅವರು ಹೇಳಿದರೆ ದ್ರಾವಣ ನೀರಿಗಿಂತ 1.24 ಪಟ್ಟು ತೂಕವಿದೆ, ಸೆಲ್ ಚೆನ್ನಾಗಿ ಚಾರ್ಜ್ ಆಗಿದೆ ಎಂದರ್ಥ. 1150ರ ಆಸುಪಾಸಿಗೆ ಇಳಿದಿದ್ದರೆ ಸೆಲ್ ಬಹುತೇಕ ಖಾಲಿ.

ಆರೂ ಸೆಲ್ ಒಂದೇ ಸಮನಾಗಿ ತಗ್ಗಿದ್ದರೆ ಅದನ್ನು ದೋಷ ಎನ್ನಲಾಗದು. ಬ್ಯಾಟರಿ ಸರಿಯಾಗಿ ಚಾರ್ಜ್ ಆಗಿಲ್ಲ ಅಷ್ಟೆ, ತಪ್ಪು ಇನ್ವರ್ಟರಿನದ್ದೋ ವೈರಿಂಗಿನದ್ದೋ ಇರಬಹುದು. ಐದು ಸೆಲ್ 1240 ತೋರಿಸಿ ಒಂದು ಮಾತ್ರ 1100ರಲ್ಲೇ ನಿಂತಿದ್ದರೆ, ರಾತ್ರಿಯಿಡೀ ಚಾರ್ಜ್ ಮಾಡಿದರೂ ಮೇಲೇಳದಿದ್ದರೆ, ಆ ಸೆಲ್ ಸತ್ತಿದೆ. ವೋಲ್ಟ್‌ಮೀಟರಿನಲ್ಲೂ ಅದು ಕಾಣುತ್ತದೆ: 12.6 ಇರಬೇಕಾದಲ್ಲಿ 10.5 ಬರುತ್ತದೆ. ನೀರಿನ ಮಟ್ಟ ಸರಿಯಾಗಿದ್ದು ಒಂದೇ ಸೆಲ್ ಹೀಗೆ ಸತ್ತಿದ್ದರೆ ಗ್ರಾಹಕರ ಪಕ್ಷ ಗಟ್ಟಿ. ಮೂರನೆಯದೊಂದು ಚಿತ್ರವಿದೆ. ಹೈಡ್ರೋಮೀಟರಿಗೆ ಬಂದ ದ್ರಾವಣ ತಿಳಿಯಾಗಿರದೆ ಕಂದು, ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಪ್ಲೇಟಿನ ಪುಡಿ ಉದುರುತ್ತಿದೆ. ಅತಿಯಾಗಿ ಚಾರ್ಜ್ ಆದರೆ ಹೀಗಾಗುತ್ತದೆ, ವಯಸ್ಸಾದರೂ ಆಗುತ್ತದೆ. ಹೆಚ್ಚಿನ ತಕರಾರು ಹುಟ್ಟುವುದು ಇಲ್ಲೇ.

ಪರೀಕ್ಷೆಯ ನಂತರ ಒಂದು ವರದಿ ಬರೆಯುತ್ತಾರೆ. ಆರೂ ಸೆಲ್‌ಗಳ ಗ್ರಾವಿಟಿ, ವೋಲ್ಟೇಜು, ಎಷ್ಟು ಗಂಟೆ ಚಾರ್ಜ್ ಮಾಡಿದರು, ತಿರಸ್ಕರಿಸಿದ್ದರೆ ಯಾವ ಕಾರಣಕ್ಕೆ ಎಂಬುದೆಲ್ಲ ಅದರಲ್ಲಿರಬೇಕು. ಅದರ ಪ್ರತಿ ಕೇಳಿ ಪಡೆಯಬೇಕು. ‘ಕಂಪನಿ ಒಪ್ಪಲಿಲ್ಲ’ ಎಂಬ ಬಾಯಿಮಾತು ಮುಂದೆ ಎಲ್ಲಿಯೂ ಉಪಯೋಗಕ್ಕೆ ಬರುವುದಿಲ್ಲ.

ಬ್ಯಾಟರಿ ಸತ್ತಿಲ್ಲ, ಬ್ಯಾಕಪ್ ಕಡಿಮೆಯಾಗಿದೆ. ಇದಕ್ಕೆ ವಾರಂಟಿ ಇದೆಯೇ?

ಮೊದಲು ನಾಲ್ಕು ಗಂಟೆ ಬರುತ್ತಿತ್ತು, ಈಗ ಎರಡು ಗಂಟೆಗೇ ಬೀಪ್ ಶುರುವಾಗುತ್ತದೆ ಎಂಬುದು ಸಾಮಾನ್ಯ ದೂರು. ಅಂಗಡಿಯವರು ಮರುಪ್ರಶ್ನೆ ಹಾಕುತ್ತಾರೆ: ಮನೆಗೆ ಹೊಸದೇನಾದರೂ ತಂದಿರಾ? ಅದು ಜಾರಿಕೊಳ್ಳುವ ಮಾತಲ್ಲ. 150 ಆಂಪಿಯರ್ ಅವರ್ ಎಂದು ಅಚ್ಚಾದ ಸಾಮರ್ಥ್ಯ ಸಾಮಾನ್ಯವಾಗಿ ನಿಧಾನಕ್ಕೆ, 20 ಗಂಟೆಗಳ ಕಾಲ ಖಾಲಿ ಮಾಡಿದಾಗ ಸಿಗುವಂಥದ್ದು. ಬೇಗ ಖಾಲಿ ಮಾಡಿದಷ್ಟೂ ಒಟ್ಟು ಸಿಗುವುದೂ ಕುಗ್ಗುತ್ತದೆ. 300 ವಾಟ್ ಲೋಡಿಗೆ ಸುಮಾರು ನಾಲ್ಕು ಗಂಟೆ ಬರುವ ಬ್ಯಾಟರಿ 600 ವಾಟಿಗೆ ಎರಡು ಗಂಟೆಯೂ ಬಾರದು. ಎರಡು ಫ್ಯಾನು, ನಾಲ್ಕು ದೀಪ ಎಂದು ಹಾಕಿಸಿದ ಲೈನಿಗೆ ಆಮೇಲೆ ಟಿವಿ, ಕಂಪ್ಯೂಟರು, ಇನ್ನೊಂದು ಕೋಣೆ ಸೇರಿರುವುದು ಮನೆಯವರಿಗೇ ಮರೆತಿರುತ್ತದೆ.

ಪೂರ್ತಿ ಚಾರ್ಜ್ ಮಾಡಿ, ಗೊತ್ತಿರುವ ಲೋಡ್ ಕೊಟ್ಟು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿದರೆ ನಿಜ ತಿಳಿಯುತ್ತದೆ. ಕಂಪನಿ ಇಟ್ಟುಕೊಂಡ ಮಿತಿಗಿಂತ ಕೆಳಗೆ ಬಂದರೆ ಬದಲಾವಣೆ, ಇಲ್ಲವಾದರೆ ‘ರೀಚಾರ್ಜ್ ಮಾಡಿ ಹಿಂದಿರುಗಿಸಲಾಗಿದೆ’ ಎಂಬ ಒಕ್ಕಣೆ. ಬರೀ ಚಾರ್ಜ್ ಇಳಿದ ಬ್ಯಾಟರಿಯನ್ನು ಕಾರ್ಡು ದೋಷವೆಂದು ಪರಿಗಣಿಸುವುದೇ ಇಲ್ಲ.

ನೀರು ಹಾಕುವುದು ಮರೆತರೆ ವಾರಂಟಿ ಹೋಗುತ್ತದೆಯೇ?

ಹೋಗುತ್ತದೆ. ಅರ್ಜಿಗಳು ಬಿದ್ದುಹೋಗಲು ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಚಾರ್ಜ್ ಆಗುವಾಗ ದ್ರಾವಣದಲ್ಲಿನ ನೀರು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆದು ಹಾರಿಹೋಗುತ್ತದೆ. ಆಸಿಡ್ ಅಲ್ಲೇ ಉಳಿಯುತ್ತದೆ. ಆದ್ದರಿಂದ ತುಂಬಬೇಕಾದದ್ದು ನೀರು ಮಾತ್ರ, ಅದೂ ಡಿಸ್ಟಿಲ್ಡ್ ವಾಟರ್. ಮುಚ್ಚಳದ ಮೇಲಿನ ಕಡ್ಡಿ ಕೆಂಪು ಗುರುತಿಗೆ ಇಳಿಯುವ ಮೊದಲೇ ಹಾಕಬೇಕು, ಹಸಿರು ಗುರುತು ದಾಟುವಂತೆಯೂ ಹಾಕಬಾರದು. ಬೇಸಿಗೆಯಲ್ಲಿ, ಕರೆಂಟು ಪದೇ ಪದೇ ಹೋಗುವ ಊರುಗಳಲ್ಲಿ ತಿಂಗಳಿಗೊಮ್ಮೆ ನೋಡುವುದು ಒಳ್ಳೆಯದು. ನೀರು ತಗ್ಗಿ ಪ್ಲೇಟಿನ ತಲೆ ಗಾಳಿಗೆ ತೆರೆದುಕೊಂಡರೆ ಆ ಭಾಗ ಒಣಗಿ ಗಟ್ಟಿಯಾಗಿ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಸರ್ವೀಸ್ ಸೆಂಟರಿಗೆ ಒಯ್ಯುವ ಮುನ್ನ ರಾತ್ರೋರಾತ್ರಿ ನೀರು ತುಂಬಿದರೂ ಬಣ್ಣ ಬದಲಾದ ಪ್ಲೇಟು ಕಥೆ ಹೇಳುತ್ತದೆ.

‘ಫಿಲ್ಟರ್ ನೀರು ಹಾಕಿದರೆ ಆಗದೇ?’ ಎಂದು ಕೇಳದ ಗ್ರಾಹಕರಿಲ್ಲ. ಮನೆಯ ಆರ್‌ಒ ಯಂತ್ರ ಲವಣಗಳನ್ನು ಕಡಿಮೆ ಮಾಡುತ್ತದೆ, ಪೂರ್ತಿ ತೆಗೆಯುವುದಿಲ್ಲ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಅದರ ಕ್ಲೋರೈಡ್ ಪ್ಲೇಟನ್ನು ತಿನ್ನುತ್ತದೆ, ಕಬ್ಬಿಣದ ಅಂಶ ಸುಮ್ಮನೆ ಕೂತ ಬ್ಯಾಟರಿಯ ಚಾರ್ಜನ್ನೂ ಸೋರಿಸುತ್ತದೆ. ದ್ರಾವಣದ ಮಾದರಿಯನ್ನು ಪರೀಕ್ಷಿಸಿದರೆ ಎರಡೂ ಸಿಕ್ಕಿಬೀಳುತ್ತವೆ. ಇನ್ನು ಕೆಲವರು ‘ಬ್ಯಾಟರಿ ವೀಕಾಗಿದೆ’ ಎಂದು ಆಸಿಡ್ ಹಾಕಿಸುತ್ತಾರೆ. ಒಂದೆರಡು ವಾರ ಚುರುಕಾದಂತೆ ಕಂಡರೂ ಗ್ರಾವಿಟಿ ಏರಿ ಪಾಸಿಟಿವ್ ಪ್ಲೇಟು ಬೇಗ ಕೊರೆಯುತ್ತದೆ. 1300 ತೋರಿಸುವ ಹೈಡ್ರೋಮೀಟರ್ ನೋಡಿದ ಕೂಡಲೇ ಮೆಕ್ಯಾನಿಕ್ ಕಾರ್ಡನ್ನು ಮಡಚಿ ವಾಪಸು ಕೊಡುತ್ತಾರೆ.

ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಮೇನ್ ಸ್ವಿಚ್ ತೆಗೆದು ಇನ್ವರ್ಟರ್ ಹಾಗೆಯೇ ಬಿಡುವುದು ಇನ್ನೊಂದು ಅಭ್ಯಾಸ. ಕರೆಂಟು ಇಲ್ಲವೆಂದುಕೊಂಡ ಇನ್ವರ್ಟರ್ ಬ್ಯಾಟರಿಯನ್ನು ಹೀರುತ್ತಾ ಹೋಗುತ್ತದೆ. ಖಾಲಿಯಾದ ಬ್ಯಾಟರಿ ವಾರಗಟ್ಟಲೆ ಹಾಗೇ ಉಳಿದರೆ ಪ್ಲೇಟಿನ ಮೇಲೆ ಲೆಡ್ ಸಲ್ಫೇಟಿನ ಬಿಳಿ ಹರಳು ಕಟ್ಟಿ, ಮರಳಿ ಚಾರ್ಜ್ ಆಗದಂತಾಗುತ್ತದೆ. ಇದೂ ಕಾರ್ಡಿನ ‘ಇಲ್ಲ’ ಪಟ್ಟಿಯಲ್ಲಿದೆ.

ಇನ್ನೇನೇನು ಸೇರಿಲ್ಲ?

ಡಬ್ಬಿ ಒಡೆದದ್ದು, ಬೆಂಕಿ, ಸಿಡಿಲು, ಮಳೆನೀರು ನುಗ್ಗಿದ್ದು, ಸಡಿಲ ವೈರಿನಿಂದ ಟರ್ಮಿನಲ್ ಸುಟ್ಟದ್ದು ಯಾವುದೂ ಇಲ್ಲ. ಕಾರಿನ ಬ್ಯಾಟರಿಯನ್ನು ಇನ್ವರ್ಟರಿಗೆ ಹಾಕಿದ್ದರೂ ವಾರಂಟಿ ಮುಗಿಯಿತು. ಇನ್ವರ್ಟರ್ ಬ್ಯಾಟರಿಯನ್ನು ಆಮೇಲೆ ಸೋಲಾರಿಗೆ ಜೋಡಿಸುವವರು ಕಾರ್ಡನ್ನು ಒಮ್ಮೆ ನೋಡಬೇಕು, ಸೋಲಾರ್ ಬಳಕೆಗೆ ಬೇರೆ ಅವಧಿ ಇರುವುದುಂಟು, ವಾರಂಟಿಯೇ ಇಲ್ಲದಿರುವುದೂ ಉಂಟು. ಆಸಿಡ್ ಚೆಲ್ಲಿ ಟೈಲ್ಸ್ ಹಾಳಾದರೆ, ಬ್ಯಾಕಪ್ ಇಲ್ಲದೆ ಅಂಗಡಿಯ ಐಸ್‌ಕ್ರೀಮ್ ಕರಗಿದರೆ ಆ ನಷ್ಟವನ್ನು ಕಾರ್ಡು ಹೊರುವುದಿಲ್ಲ. ಮನೆಯಿಂದ ಸರ್ವೀಸ್ ಸೆಂಟರಿಗೆ ಸಾಗಿಸುವ ಖರ್ಚು ಯಾರದ್ದು ಎಂಬುದನ್ನು ಕೊಳ್ಳುವಾಗಲೇ ಕೇಳಬೇಕು. ಮೂರನೇ ಮಹಡಿಯಿಂದ ಐವತ್ತು ಕಿಲೋ ಇಳಿಸುವುದು ಸಣ್ಣ ಖರ್ಚಲ್ಲ.

ಕಾರ್ಡು ಕಳೆದುಹೋಗಿದೆ, ಬಿಲ್ ಇಲ್ಲ. ಆಗ?

ಆಗ ಕಂಪನಿಗಳು ಬ್ಯಾಟರಿಯ ಮೇಲೆ ಕೊರೆದಿರುವ ಸೀರಿಯಲ್ ನಂಬರಿನಿಂದ ತಯಾರಾದ ದಿನವನ್ನೋ, ಕಾರ್ಖಾನೆ ಬಿಟ್ಟ ದಿನವನ್ನೋ ತೆಗೆದು ಅಲ್ಲಿಂದ ವಾರಂಟಿ ಎಣಿಸುತ್ತವೆ. ಅಂಗಡಿಯ ಗೋಡೌನಿನಲ್ಲಿ ಎಂಟು ತಿಂಗಳು ಮಲಗಿದ್ದ ಬ್ಯಾಟರಿ ಆಗಿದ್ದರೆ ಗ್ರಾಹಕರ ಎಂಟು ತಿಂಗಳು ಅಲ್ಲಿಗೇ ಹೋಯಿತು. ಹಳೆಯ ದಾಸ್ತಾನಿನಿಂದ ಇನ್ನೊಂದು ನಷ್ಟವೂ ಇದೆ: ಆಸಿಡ್ ತುಂಬಿದ ಬ್ಯಾಟರಿ ಬಳಸದಿದ್ದರೂ ದಿನೇ ದಿನೇ ಚಾರ್ಜ್ ಕಳೆದುಕೊಳ್ಳುತ್ತದೆ. ನಡುನಡುವೆ ಚಾರ್ಜ್ ಮಾಡದೆ ಇಟ್ಟಿದ್ದರೆ ಅದು ಮನೆಗೆ ಬರುವ ಹೊತ್ತಿಗೇ ಅರ್ಧ ಮುದುಕ.

ಕೊಂಡ ದಿನ ಅಂಗಡಿಯಲ್ಲೇ ನಿಂತು ಮಾಡಬೇಕಾದ ಕೆಲಸ ಹತ್ತು ನಿಮಿಷದ್ದು. ಬ್ಯಾಟರಿಯ ಮೇಲಿನ ಸೀರಿಯಲ್ ನಂಬರು, ಕಾರ್ಡಿನಲ್ಲಿ ಬರೆದದ್ದು, ಬಿಲ್ಲಿನಲ್ಲಿ ಬರೆದದ್ದು ಮೂರೂ ಒಂದೇ ಇದೆಯೇ ನೋಡಬೇಕು. ಒಂದೇ ದಿನ ನಾಲ್ಕು ಬ್ಯಾಟರಿ ಮಾರಿದ ಅಂಗಡಿಯಲ್ಲಿ ಪಕ್ಕದ ಮನೆಯವರ ನಂಬರು ನಿಮ್ಮ ಕಾರ್ಡಿಗೆ ಬಿದ್ದಿರುವ ಸಾಧ್ಯತೆ ಇದ್ದೇ ಇದೆ. ಕಾರ್ಡಿಗೆ ಅಂಗಡಿಯ ಸೀಲು, ತಾರೀಕು ಹಾಕಿಸಿ ಮೂರರ ಫೋಟೊ ತೆಗೆದಿಟ್ಟುಕೊಳ್ಳಬೇಕು. ಆನ್‌ಲೈನ್ ನೋಂದಣಿ ಇದ್ದರೆ ಕಾರ್ಡು ಹೇಳಿದ ದಿನಗಳೊಳಗೆ ಮಾಡಿಸಬೇಕು. ‘ಬಿಲ್ ಬೇಡ ಅಂದರೆ ಸ್ವಲ್ಪ ಕಡಿಮೆ ಮಾಡ್ತೀನಿ’ ಎಂಬ ಮಾತಿಗೆ ಒಪ್ಪಿದವರು ವಾರಂಟಿಯನ್ನೇ ಆ ರಿಯಾಯಿತಿಗೆ ಮಾರಿದಂತೆ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯೂ ಹೌದು.

ಎಲ್ಲ ಸರಿಯಿದ್ದೂ ಕೊಡುವುದಿಲ್ಲ ಎಂದರೆ?

ಕಾರ್ಡಿನಲ್ಲಿ ಕಂಪನಿಯ ತೀರ್ಮಾನವೇ ಅಂತಿಮ ಎಂಬ ಸಾಲು ಕಾಣಬಹುದು, ವ್ಯಾಜ್ಯವೇನಿದ್ದರೂ ದೂರದ ಒಂದು ಮಹಾನಗರದ ನ್ಯಾಯಾಲಯದಲ್ಲೇ ನಡೆಯಬೇಕು ಎಂಬ ಸಾಲೂ ಇರಬಹುದು. ಅದನ್ನು ಓದಿ ಕೈಚೆಲ್ಲಬೇಕಿಲ್ಲ. ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ದೋಷ ಇದೆಯೋ ಇಲ್ಲವೋ ಎಂಬುದು ಪರೀಕ್ಷೆಯಿಲ್ಲದೆ ತೀರ್ಮಾನವಾಗದಿದ್ದರೆ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಹಾಗಾಗಿ ತಕರಾರು ಮುಗಿಯುವವರೆಗೆ ಕೆಟ್ಟ ಬ್ಯಾಟರಿಯನ್ನು ಗುಜರಿಗೆ ಹಾಕಬಾರದು. ಲಾಭಕ್ಕಾಗಿ ನಡೆಸುವ ದೊಡ್ಡ ವ್ಯವಹಾರದ ಬಳಕೆಗೆ ಕೊಂಡಿದ್ದರೆ ಈ ಕಾಯ್ದೆಯ ಆಸರೆ ಸಿಗದು, ಸ್ವಂತ ದುಡಿಮೆಯಲ್ಲಿ ಹೊಟ್ಟೆಪಾಡಿಗೆ ಅಂಗಡಿ ಇಟ್ಟವರಿಗೆ ಸಿಗುತ್ತದೆ.

ಆದರೆ ಮೊದಲ ಹೆಜ್ಜೆ ಆಯೋಗವಲ್ಲ. ಪರೀಕ್ಷಾ ವರದಿ, ಬಿಲ್ಲು, ಫೋಟೊಗಳನ್ನು ಜೋಡಿಸಿ ಕಂಪನಿಗೆ ಇಮೇಲ್ ಮಾಡಬೇಕು. ಐದು ಸೆಲ್‌ಗಳ ಗ್ರಾವಿಟಿ ಇಷ್ಟಿದೆ, ಒಂದರದ್ದು ಮಾತ್ರ ಇಷ್ಟಿದೆ, ನೀರಿನ ಮಟ್ಟ ಸರಿಯಿದೆ ಎಂದು ಅಂಕಿ ಸಮೇತ ಬರೆದ ಪತ್ರವನ್ನು ‘ಬ್ಯಾಟರಿ ಕೆಟ್ಟಿದೆ’ ಎಂಬ ದೂರಿನಂತೆ ತಳ್ಳಿಹಾಕುವುದು ಕಷ್ಟ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅವರು ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತಾರೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಆಯೋಗ. ಅಲ್ಲಿ ವಕೀಲರಿಲ್ಲದೆ ತಾವೇ ವಾದಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ಆದರೆ ತಕರಾರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು.